ಒಂದೇ ಗೂಟಕ್ಕೆ ಕಟ್ಟಿದ ಸಂಬಳ ಮತ್ತು ಉಳಿತಾಯ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಬೆಂಗಳೂರಿನ ದಂಪತಿ ಹಣಕಾಸಿನ ಸಲಹೆ ಕೇಳಲು ನನ್ನ ಬಳಿ ಬಂದಿದ್ದರು. ಗಂಡನಿಗೆ 41 ವರ್ಷ, ಅಮೆರಿಕದ ಷೇರುಪೇಟೆಯಲ್ಲಿರುವ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಮನೆ ಬಿಟ್ಟು ಉಳಿದ ಆಸ್ತಿ 2.4 ಕೋಟಿ. ಅದರಲ್ಲಿ 1.7 ಕೋಟಿ ಅದೇ ಕಂಪನಿಯ ಷೇರು. ಆರು ವರ್ಷದಿಂದ ಸಂಬಳದ ಭಾಗವಾಗಿ ಷೇರಿನ ರೂಪದಲ್ಲಿ ಸಿಕ್ಕ ಆರ್‌ಎಸ್‌ಯು ಒಂದನ್ನೂ ಮಾರಿರಲಿಲ್ಲ.

"ಬೆಳಿಗ್ಗೆ ಹಲ್ಲುಜ್ಜೋಕೆ ಮೊದಲು ಇವರು ಷೇರಿನ ಬೆಲೆ ನೋಡ್ತಾರೆ ಮೇಡಂ. ಕೆಂಪು ಬಣ್ಣ ಇದ್ರೆ ಮನೆಯಲ್ಲಿ ಮಾತೇ ಇಲ್ಲ" ಎಂದರು ಹೆಂಡತಿ.

ಯಾಕೆ ಮಾರಲಿಲ್ಲ ಎಂದು ಕೇಳಿದೆ. "ಮಾರಿದ್ರೆ ತೆರಿಗೆ ಬೀಳುತ್ತೆ ಅಲ್ವಾ?" ಎಂದರು ಗಂಡ.

ಈ ತಪ್ಪು ತಿಳಿವಳಿಕೆ ತುಂಬಾ ಜನರಲ್ಲಿದೆ. ಷೇರು ವೆಸ್ಟ್ ಆದ, ಅಂದರೆ ಪೂರ್ತಿ ನಿಮ್ಮದಾದ, ದಿನದ ಬೆಲೆಯನ್ನು ಸಂಬಳಕ್ಕೆ ಸೇರಿಸಿ ಆಗಲೇ ತೆರಿಗೆ ಹಿಡಿದಿರುತ್ತಾರೆ. ಮಾರುವಾಗ ತೆರಿಗೆ ಬೀಳುವುದು ಆ ದಿನದಿಂದ ಮೇಲೆ ಏರಿದ ಲಾಭಕ್ಕೆ ಮಾತ್ರ. 24 ತಿಂಗಳು ದಾಟಿದ್ದರೆ ಅದು ಶೇ. 12.5, ಜೊತೆಗೆ ಸೆಸ್, ಸರ್‌ಚಾರ್ಜ್. ದಾಟದಿದ್ದರೆ ನಿಮ್ಮ ಸ್ಲ್ಯಾಬ್‌ನ ದರ.

ಹಾಳೆಯ ಮೇಲೆ ಲೆಕ್ಕ ಹಾಕಿದೆವು. ಎರಡು ವರ್ಷ ದಾಟಿದ ಷೇರುಗಳ ಇವತ್ತಿನ ಬೆಲೆ 1.2 ಕೋಟಿ. ವೆಸ್ಟ್ ಆದಾಗ 80 ಲಕ್ಷ. ಲಾಭ 40 ಲಕ್ಷ, ಅದಕ್ಕೆ ಮೂಲ ತೆರಿಗೆ 5 ಲಕ್ಷ. ತ್ರೈಮಾಸಿಕ ಫಲಿತಾಂಶ ಕೆಟ್ಟು ಬೆಲೆ ಶೇ. 10 ಬಿದ್ದರೆ ಇದೇ ಷೇರಿನಲ್ಲಿ 12 ಲಕ್ಷ ಹೋಗುತ್ತದೆ. ಅಂಥ ಹೊತ್ತಿನಲ್ಲೇ ಕೆಲಸದಿಂದ ತೆಗೆಯುವುದೂ ಜಾಸ್ತಿ. ಅವರು ಆ ಹಾಳೆಯನ್ನೇ ಸುಮಾರು ಹೊತ್ತು ನೋಡುತ್ತಾ ಕೂತರು.

"ಮುಂದಿನ ವೆಸ್ಟಿಂಗ್ ಹಣವನ್ನು ನಗದು ಬೋನಸ್ ಆಗಿ ಕೊಟ್ಟರೆ, ಅಷ್ಟಕ್ಕೂ ಈ ಷೇರನ್ನೇ ಕೊಳ್ಳುತ್ತೀರಾ?" ಎಂದೆ. "ಇಲ್ಲ" ಎಂದರು. ಹಾಗಾಗಿ ಮೊದಲ ತೀರ್ಮಾನ ಸುಲಭವಾಯಿತು. ಇನ್ನು ಮುಂದೆ ಬರುವ ಷೇರನ್ನು ಟ್ರೇಡಿಂಗ್ ವಿಂಡೋ, ಅಂದರೆ ನೌಕರರು ಕಂಪನಿಯ ಷೇರು ಮಾರಬಹುದಾದ ಅವಧಿ, ತೆರೆದ ಮೊದಲ ದಿನವೇ ಮಾರುವುದು. ಆಗ ಲಾಭ ಹೆಚ್ಚುಕಡಿಮೆ ಸೊನ್ನೆ, ತೆರಿಗೆಯೂ ಅಷ್ಟೇ.

ಹಳೆಯ 1.2 ಕೋಟಿಯನ್ನು ನಾಲ್ಕು ವಿಂಡೋಗಳಲ್ಲಿ ಸಮನಾಗಿ ಮಾರುವುದು. ಬೆಲೆ ನೋಡಿ ಅಲ್ಲ, ದಿನಾಂಕ ನೋಡಿ. ದಿನಾಂಕವನ್ನು ಹೆಂಡತಿಯೇ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಂಡರು. "ಇನ್ನೂ ಸ್ವಲ್ಪ ಏರಲಿ" ಎಂಬ ಮಾತಿನಲ್ಲೇ ಇಂಥ ಯೋಜನೆಗಳು ನಿಂತುಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬಂದ ಹಣದಲ್ಲಿ ಮೊದಲು ಒಂದು ವರ್ಷದ ಮನೆಖರ್ಚು ಮತ್ತು ಇಎಂಐ ಎಫ್‌ಡಿಗೆ. ಉಳಿದದ್ದು ಇಲ್ಲಿನ ಇಂಡೆಕ್ಸ್ ಫಂಡ್ ಮತ್ತು ಸಾಲಪತ್ರದ ಫಂಡ್‌ಗಳಿಗೆ.

ಇನ್ನೊಂದು ವಿಷಯ ಇಬ್ಬರಿಗೂ ಗೊತ್ತಿರಲಿಲ್ಲ. ಅಮೆರಿಕದ ಷೇರು ಇಟ್ಟುಕೊಂಡ ಹೊರದೇಶದವರು ತೀರಿಕೊಂಡರೆ, 60,000 ಡಾಲರ್ ಮೀರಿದ ಭಾಗಕ್ಕೆ ಅಲ್ಲಿನ ಎಸ್ಟೇಟ್ ತೆರಿಗೆ ಇದೆ. ಅದು ಶೇ. 40ರವರೆಗೂ ಏರುತ್ತದೆ. ಇದನ್ನು ಕೇಳಿದ ಮೇಲೆ ಹೆಂಡತಿ ನಾಲ್ಕು ವಿಂಡೋ ಯಾಕೆ, ಎರಡೇ ಸಾಕಲ್ವಾ ಎಂದರು.

ಕೊನೆಗೆ ಮೂರಕ್ಕೆ ಒಪ್ಪಿದರು. ಉಳಿದ 50 ಲಕ್ಷದ ಷೇರನ್ನು ಸದ್ಯಕ್ಕೆ ಇಟ್ಟುಕೊಳ್ಳಲು ಅವರು ಬಯಸಿದರು, ನಾನು ಬೇಡ ಅನ್ನಲಿಲ್ಲ. ಅವು 24 ತಿಂಗಳು ದಾಟಿದಾಗ ಮತ್ತೆ ಕೂತು ನೋಡುತ್ತೇವೆ.