ಮರಳಿ ಬಾರದ ವೇಗದ ಲೆಕ್ಕ

ಪ್ರಶ್ನೆ: ಎತ್ತರಕ್ಕೇರಿದ ವಸ್ತುವಿನ ಪ್ರಚ್ಛನ್ನ ಶಕ್ತಿ mgh ಎಂದು ಕಲಿತಿದ್ದೇನೆ. ಭೂಮಿಯ ಗುರುತ್ವಕ್ಕೆ ಗಡಿಯೇ ಇಲ್ಲ ಎಂದೂ ಹೇಳುತ್ತಾರೆ. ಹಾಗಾದರೆ ಅನಂತ ದೂರ ಹೋಗಲು ಅನಂತ ಶಕ್ತಿ ಬೇಡವೇ? ಸೆಕೆಂಡಿಗೆ 11.2 ಕಿ.ಮೀ. ವೇಗ ಹೇಗೆ ಸಾಕಾಗುತ್ತದೆ?
– ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಎತ್ತರ ಎಷ್ಟೇ ಆದರೂ g ಬದಲಾಗುವುದಿಲ್ಲ ಎಂಬ ಊಹೆಯ ಮೇಲೆ mgh ನಿಂತಿದೆ. ಮನೆಯ ಮಾಳಿಗೆಗೋ ಬೆಟ್ಟದ ತುದಿಗೋ ಈ ಊಹೆ ಸಾಕು, ಆದರೆ ಭೂಮಿಯ ತ್ರಿಜ್ಯಕ್ಕೆ ಹೋಲಿಸಬಹುದಾದಷ್ಟು ಎತ್ತರಕ್ಕೆ ಅದು ಸಲ್ಲದು. ಭೂಮಿಯ ಕೇಂದ್ರದಿಂದ ದೂರ ಎರಡರಷ್ಟಾದರೆ ಸೆಳೆತ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಸೆಳೆತ ಎಲ್ಲಿಯೂ ಸೊನ್ನೆಯಾಗದಿದ್ದರೂ, ಅದು ಇಷ್ಟು ಬೇಗ ಕುಗ್ಗುವುದರಿಂದ ಅದರ ವಿರುದ್ಧ ಮಾಡಬೇಕಾದ ಒಟ್ಟು ಕೆಲಸಕ್ಕೆ ಒಂದು ಮಿತಿ ಇದೆ.

ಆ ಮಿತಿಯನ್ನು ಕಲನಶಾಸ್ತ್ರವಿಲ್ಲದೆಯೇ ಕಂಡುಕೊಳ್ಳಬಹುದು. ಕೇಂದ್ರದಿಂದ r₁ ದೂರದಲ್ಲಿರುವ ವಸ್ತುವನ್ನು ತುಸುವೇ ಮೇಲಿರುವ r₂ಗೆ ಎತ್ತುವಾಗ ಬಲವು GMm/r₁² ಮತ್ತು GMm/r₂² ಇವೆರಡರ ನಡುವೆ ಇರುತ್ತದೆ, ಆದ್ದರಿಂದ ಅದನ್ನು GMm/(r₁r₂) ಎಂದು ತೆಗೆದುಕೊಳ್ಳೋಣ. ಇದನ್ನು r₂ − r₁ ದೂರದಿಂದ ಗುಣಿಸಿದರೆ ಆ ಹಂತದ ಕೆಲಸ GMm(1/r₁ − 1/r₂) ಎಂದು ಬರುತ್ತದೆ. ಇಂಥ ಸಣ್ಣ ಹಂತಗಳನ್ನು ಒಂದರ ಮೇಲೊಂದರಂತೆ ಕೂಡಿಸುತ್ತ ಹೋದಾಗ ನಡುವಿನ ಪದಗಳೆಲ್ಲ ಪರಸ್ಪರ ರದ್ದಾಗಿ ಮೊದಲನೆಯದು ಮತ್ತು ಕೊನೆಯದು ಮಾತ್ರ ಉಳಿಯುತ್ತವೆ. ನೆಲದಿಂದ h ಎತ್ತರದವರೆಗೆ ಈ ಮೊತ್ತವನ್ನು ಬರೆದು, GM ಬದಲಿಗೆ gR² ಇಟ್ಟರೆ ಸಿಗುವುದು ಇದು:

W = mgh × R/(R + h)

ನಿಮ್ಮ mgh ಇಲ್ಲಿಯೂ ಇದೆ, ಆದರೆ ಅದರ ಜೊತೆಗೆ ಒಂದು ತಿದ್ದುಪಡಿಯೂ ಬಂದಿದೆ. 400 ಕಿ.ಮೀ. ಎತ್ತರದಲ್ಲಿ ಆ ತಿದ್ದುಪಡಿ ಶೇ 6ರಷ್ಟು ಮಾತ್ರ, ಆದರೆ ಭೂಮಿಯ ತ್ರಿಜ್ಯದಷ್ಟು ಎತ್ತರದಲ್ಲಿ mghನ ಅರ್ಧವೇ ಸಾಕಾಗುತ್ತದೆ. h ಎಷ್ಟೇ ಬೆಳೆದರೂ ಒಟ್ಟು ಕೆಲಸ mgR ಅನ್ನು ಮೀರುವುದಿಲ್ಲ. ಅಂದರೆ ಅನಂತ ದೂರಕ್ಕೆ ಹೋಗುವ ಖರ್ಚು, g ಬದಲಾಗದೆ ಉಳಿದಿದ್ದರೆ ಒಂದು ಭೂತ್ರಿಜ್ಯದಷ್ಟು ಎತ್ತರ ಏರಲು ಆಗುತ್ತಿದ್ದ ಖರ್ಚಿಗೆ ಸಮ. ಈ ವಿಷಯದಲ್ಲಿ ನೆನಪಿಡಬೇಕಾದ ಒಂದೇ ಮಾತನ್ನು ಹೇಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ.

ಅನಂತದಲ್ಲಿ ಪ್ರಚ್ಛನ್ನ ಶಕ್ತಿಯನ್ನು ಸೊನ್ನೆ ಎಂದು ಇಟ್ಟುಕೊಂಡರೆ ನೆಲದ ಮೇಲೆ ಅದು −mgR ಆಗುತ್ತದೆ. ಋಣ ಚಿಹ್ನೆ ಹೇಳುವುದು ಇಷ್ಟೇ: ವಸ್ತು ಭೂಮಿಗೆ ಅಷ್ಟು ಶಕ್ತಿಯ ಬಾಕಿ ಉಳಿಸಿಕೊಂಡಿದೆ, ಅದನ್ನು ತೀರಿಸಿದರಷ್ಟೇ ಬಿಡುಗಡೆ. ಭೂಮಿಗೆ gR ಬೆಲೆ ಪ್ರತಿ ಕಿಲೋಗ್ರಾಂಗೆ ಸುಮಾರು 6.25 ಕೋಟಿ ಜೂಲ್. ಎಸೆಯುವಾಗ ಕೊಟ್ಟ ಚಲನ ಶಕ್ತಿ ½mv² ಈ ಬಾಕಿಗೆ ಸರಿಯಾಗಿ ಸಮನಾದರೆ v² = 2gR, ಅಂದರೆ v ಸೆಕೆಂಡಿಗೆ 11.2 ಕಿ.ಮೀ. ಎರಡೂ ಕಡೆಯಿಂದ m ಹೊರಟುಹೋಗುವುದರಿಂದ ಕಲ್ಲಿಗೂ ನೌಕೆಗೂ ವಿಮೋಚನಾ ವೇಗ ಒಂದೇ. ಶಕ್ತಿಗೆ ದಿಕ್ಕಿಲ್ಲವಾದ್ದರಿಂದ ಓರೆಯಾಗಿ ಎಸೆದರೂ ಲೆಕ್ಕ ಬದಲಾಗುವುದಿಲ್ಲ, ದಾರಿಯಲ್ಲಿ ನೆಲ ಅಡ್ಡ ಬರದಿದ್ದರೆ ಸಾಕು.

ಕೊಂಚ ಕಡಿಮೆ ವೇಗದಲ್ಲಿ ಎಸೆದರೆ ಏನಾಗುತ್ತದೆ ಎಂಬುದನ್ನೂ ನೋಡೋಣ. ನೇರ ಮೇಲಕ್ಕೆ ಸೆಕೆಂಡಿಗೆ 10 ಕಿ.ಮೀ. ವೇಗದಲ್ಲಿ ಹೊರಟ ಒಂದು ಕಿಲೋಗ್ರಾಂ ಕಲ್ಲಿನ ಬಳಿ 5 ಕೋಟಿ ಜೂಲ್ ಇರುತ್ತದೆ, ಅಂದರೆ ಬಾಕಿಯ ಶೇ 80. ಆದ್ದರಿಂದ h/(R + h) = 0.8 ಆಗಬೇಕು, h = 4R, ಸುಮಾರು 25,500 ಕಿ.ಮೀ. ಬರೀ mgh ಬಳಸಿದ್ದರೆ 5,100 ಕಿ.ಮೀ. ಎಂದು ತಪ್ಪು ಉತ್ತರ ಬರುತ್ತಿತ್ತು. ವೇಗವನ್ನು 11ಕ್ಕೆ ಏರಿಸಿ ನೋಡಿ: ಕಲ್ಲು ಭೂತ್ರಿಜ್ಯದ ಸುಮಾರು 30 ಪಟ್ಟು ಎತ್ತರಕ್ಕೆ, ಚಂದ್ರನ ದೂರದ ಹತ್ತಿರಹತ್ತಿರ ಅರ್ಧದವರೆಗೆ ಹೋಗಿ ಮರಳುತ್ತದೆ. ಕೊನೆಯ ಪುಟ್ಟ ಏರಿಕೆಗಳು ಇಷ್ಟೊಂದು ದೂರವನ್ನು ಕೊಡುವುದಕ್ಕೆ ಕಾರಣ, ಅಲ್ಲಿ ಸೆಳೆತ ತೀರಾ ಕ್ಷೀಣವಾಗಿರುವುದು.

ವೇಗ 12 ಆದರೆ 0.8 ಕಿ.ಮೀ. ಉಳಿಯುತ್ತದೆ ಎಂದು ಕಳೆಯುವುದು ಪರೀಕ್ಷೆಗಳಲ್ಲಿ ತೀರಾ ಸಾಮಾನ್ಯವಾದ ತಪ್ಪು. ಕಳೆಯಬೇಕಾದದ್ದು ಶಕ್ತಿಯನ್ನು. 7.2 ಕೋಟಿಯಲ್ಲಿ 6.25 ಕೋಟಿ ಕಳೆದು ಉಳಿದ 0.95 ಕೋಟಿ ಜೂಲ್‌ನಿಂದ, ವಸ್ತು ಬಹು ದೂರದಲ್ಲಿಯೂ ಸೆಕೆಂಡಿಗೆ 4.3 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ ಸಾಗುತ್ತಿರುತ್ತದೆ.

ಇಷ್ಟೂ ಲೆಕ್ಕ ವಾಯುಮಂಡಲದ ಘರ್ಷಣೆಯನ್ನು ಬಿಟ್ಟು, ಒಮ್ಮೆ ಎಸೆದು ಕೈಬಿಟ್ಟ ವಸ್ತುವಿಗೆ ಅನ್ವಯಿಸುತ್ತದೆ. ಎಂಜಿನ್ ಉರಿಯುತ್ತಲೇ ಇರುವ ರಾಕೆಟ್ ದಾರಿಯುದ್ದಕ್ಕೂ ಶಕ್ತಿ ಪಡೆಯುವುದರಿಂದ ಅದಕ್ಕೆ ನೆಲದ ಮೇಲೆಯೇ 11.2 ಕಿ.ಮೀ. ವೇಗ ಬೇಕಿಲ್ಲ. 2023ರ ಜುಲೈ 14ರಂದು ಶ್ರೀಹರಿಕೋಟಾದಿಂದ ಹೊರಟ ಚಂದ್ರಯಾನ-3, ಮೊದಲು ಭೂಮಿಯ ಸುತ್ತ ದೀರ್ಘವೃತ್ತಾಕಾರದ ಕಕ್ಷೆ ಸೇರಿ, ಅಲ್ಲಿಂದ ಹಲವು ಸಲ ಎಂಜಿನ್ ಉರಿಸಿ ಬಾಕಿಯನ್ನು ಕಂತುಗಳಲ್ಲಿ ಇಳಿಸಿಕೊಂಡಿತು. ಚಂದ್ರ ಇರುವುದು ಸುಮಾರು 60 ಭೂತ್ರಿಜ್ಯಗಳ ದೂರದಲ್ಲಿ. ಅಲ್ಲಿಗೆ ತಲುಪಲು ಪೂರ್ಣ ಬಾಕಿಯಲ್ಲಿ ಅರುವತ್ತನೇ ಒಂದು ಪಾಲನ್ನು ತೀರಿಸದೆಯೇ ಬಿಡಬಹುದು.