ತಿಪ್ಪೇಶನ ಭಯ ಎಲ್ಲಿಂದ ಬರಬೇಕು?

"ಸಂಪಾದಕರಿಗೆ ನಮಸ್ಕಾರ. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹುಡುಗ ತಿಪ್ಪೇಶ ಬೈಕ್ ಕದ್ದ ಆರೋಪದಲ್ಲಿ ಮಧ್ಯಾಹ್ನ ಸಿಕ್ಕಿಬೀಳುತ್ತಾನೆ. ಅವತ್ತೇ ರಾತ್ರಿ ಹತ್ತಕ್ಕೆ ಕಾನೂನು ನೆರವಿನ ವಕೀಲೆ ಗಿರಿಜಾ ಜೈಲಿಗೆ ಹೋಗಿ ಅವನನ್ನು ಕಾಣುತ್ತಾಳೆ. ಬೆಳಿಗ್ಗೆ ಶಿಕ್ಷೆಯಾಗುತ್ತದೆಂದು ಅವನಿಗೆ ಭಯ. ಓದಿದವರೆಲ್ಲ ಭಯ ಮುಟ್ಟಲಿಲ್ಲ ಅಂತಾರೆ. ಎಲ್ಲಿ ತಪ್ಪಿದೆ, ನೇರವಾಗಿ ಹೇಳಿ."

ಕಥೆಯನ್ನು ಎರಡು ಸಲ ಓದಿದೆ. ಈ ರೂಪದಲ್ಲಿ ಪ್ರಕಟಿಸಲಾಗದು, ಆದರೆ ಬಿಟ್ಟುಬಿಡುವ ಕಥೆಯೂ ಅಲ್ಲ.

ಮೊದಲು ಜಾಗ ಬದಲಿಸಿ. ಸಂಜೆ ಎಣಿಕೆ ಮುಗಿಸಿ ಬೀಗ ಹಾಕಿದ ಮೇಲೆ ಜೈಲಿನಲ್ಲಿ ವಕೀಲರ ಭೇಟಿ ಇರುವುದಿಲ್ಲ. ಅಲ್ಲದೆ, ಮಧ್ಯಾಹ್ನ ಹಿಡಿದವನು ಇನ್ನೂ ಜೈಲನ್ನೇ ಕಂಡಿಲ್ಲ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಯಾರನ್ನೂ ಅಲ್ಲಿಗೆ ಕಳಿಸುವಂತಿಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಪೊಲೀಸರು ಅವನನ್ನು ಅವರ ಮುಂದೆ ಹಾಜರುಪಡಿಸಬೇಕು. ಅಲ್ಲಿಯವರೆಗೆ ಅವನಿರುವುದು ಠಾಣೆಯ ಲಾಕಪ್ಪಿನಲ್ಲಿ. ಅವನ ಅಕ್ಕ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿರಲಿ, ಗಿರಿಜಾ ಠಾಣೆಗೆ ಬರಲಿ. ಬಂಧನದಲ್ಲಿರುವವನಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯೇ ಹಾಗೆ ಹೇಳುತ್ತದೆ. ಆದರೆ ಅದು ತಿಪ್ಪೇಶನಿಗೆ ಹೇಗೆ ಗೊತ್ತಿರಬೇಕು? ದುಡ್ಡು ಕೇಳದ ವಕೀಲೆ ಠಾಣೆಗೇ ಬಂದು ಮಾತಾಡಿಸಿದರೆ, ಈಕೆಯೂ ಪೊಲೀಸರ ಕಡೆಯವಳೇ ಎಂದು ಅವನಿಗೆ ಅನ್ನಿಸುವುದು ಸಹಜ. ಮೊದಲ ಭಯ ಇಲ್ಲೇ ಹುಟ್ಟಲಿ.

ಈಗ ಬೆಳಿಗ್ಗೆಯ ವಿಷಯ. ಬಂಧನವಾದ ಮರುದಿನ ನಡೆಯುವುದು ರಿಮಾಂಡ್. ಅಲ್ಲಿ ಸಾಕ್ಷಿಯೂ ಇಲ್ಲ, ತೀರ್ಪೂ ಇಲ್ಲ. ಅವನನ್ನು ನ್ಯಾಯಾಂಗ ಬಂಧನಕ್ಕೋ ಪೊಲೀಸ್ ವಶಕ್ಕೋ ಕಳಿಸಬೇಕೆ, ಜಾಮೀನು ಕೊಡಬೇಕೆ ಎಂಬುದಷ್ಟೇ ಪ್ರಶ್ನೆ. ನಿಮ್ಮ ಕೊನೆಯ ಮೂರು ಪುಟಗಳಲ್ಲಿ ಗಿರಿಜಾ ಅಪರಾಧವೇ ನಡೆದಿಲ್ಲ ಎಂದು ವಾದಿಸಿ ಗೆಲ್ಲುತ್ತಾಳೆ. ಅವನ್ನು ಪೂರ್ತಿ ತೆಗೆಯಿರಿ. ಆದರೆ ತಿಪ್ಪೇಶನ ತಪ್ಪು ತಿಳಿವಳಿಕೆಯನ್ನು ಮಾತ್ರ ತೆಗೆಯಬೇಡಿ. ನಾಳೆಯೇ ಶಿಕ್ಷೆ ಎಂದು ಅವನು ನಂಬಿದ್ದಾನೆ, ಗಿರಿಜಾಗೆ ಹಾಗಲ್ಲವೆಂದು ಗೊತ್ತು. ಕಥೆ ಇರುವುದು ಈ ಅಂತರದಲ್ಲಿ. ಈಗಿನ ಪ್ರತಿಯಲ್ಲಿ ಅವನ ಜೊತೆ ಲೇಖಕರಾದ ನೀವೂ ಹಾಗೆ ನಂಬಿದ್ದೀರಿ, ಅದಕ್ಕೇ ಭಯ ಓದುಗರಿಗೆ ಮುಟ್ಟುತ್ತಿಲ್ಲ.

ಸಂಭಾಷಣೆಗೆ ಬರುತ್ತೇನೆ. ಬಂದವಳೇ ಗಿರಿಜಾ "ನಿಜ ಹೇಳು, ಕದ್ದೆಯಾ?" ಎನ್ನುತ್ತಾಳೆ. ಪಳಗಿದ ವಕೀಲೆ ಠಾಣೆಯಲ್ಲಿ ಇದನ್ನು ಕೇಳುವುದಿಲ್ಲ. ಕಾನ್‌ಸ್ಟೇಬಲ್ ಮೂರು ಹೆಜ್ಜೆ ದೂರದಲ್ಲಿ ನಿಂತಿರುತ್ತಾನೆ. ಅವನ ಕಿವಿಗೆ ಬಿದ್ದದ್ದು ರಾತ್ರಿಯೇ ತನಿಖಾಧಿಕಾರಿಗೆ ತಲುಪುತ್ತದೆ. ಅವಳ ಪ್ರಶ್ನೆಗಳು ಬೇರೆ, ಅವುಗಳಿಗೊಂದು ಕ್ರಮವಿದೆ. "ನಿನ್ನ ವಯಸ್ಸೆಷ್ಟು ತಮ್ಮಾ?" ಹದಿನೆಂಟು ತುಂಬಿಲ್ಲದಿದ್ದರೆ ಅವನು ಬಾಲ ನ್ಯಾಯ ಮಂಡಳಿಯ ಮುಂದೆ ಹೋಗಬೇಕಾದವನು. "ಎಷ್ಟೊತ್ತಿಗೆ ಕರ್ಕೊಂಡ್ ಬಂದ್ರು?" ಕಾಗದದಲ್ಲಿ ಸಂಜೆ ಆರು ಎಂದಿದ್ದು ಅವನು ಮಧ್ಯಾಹ್ನ ಎರಡು ಎಂದರೆ, ಆ ನಾಲ್ಕು ಗಂಟೆಗೆ ಪೊಲೀಸರು ಲೆಕ್ಕ ಕೊಡಬೇಕು. "ಹೊಡದ್ರಾ? ಯಾವ್ದಕ್ಕಾದ್ರೂ ಸೈನ್ ಮಾಡಿದ್ಯಾ? ಮುಂಚೆ ನೋಟಿಸ್ ಏನಾದ್ರೂ ಕೊಟ್ಟಿದ್ರಾ?" ಬೈಕ್ ಕಳವಿಗೆ ಶಿಕ್ಷೆ ಏಳು ವರ್ಷ ಮೀರುವುದಿಲ್ಲ. ಅಂಥ ಅಪರಾಧಗಳಲ್ಲಿ ಬಂಧನ ಏಕೆ ಬೇಕಾಯಿತೆಂದು ಪೊಲೀಸರು ಬರೆದಿಡಬೇಕು, ಬೇಡವೆನಿಸಿದರೆ ನೋಟಿಸ್ ಕೊಟ್ಟು ಕರೆಸಬೇಕು. ಬೆಳಿಗ್ಗೆ ಗಿರಿಜಾ ಎತ್ತುವ ಮೊದಲ ಮಾತು ಇದೇ.

ತಿಪ್ಪೇಶ "ಒಪ್ಕೊಂಡ್ಬಿಟ್ಟೆ ಮೇಡಂ" ಎಂದು ಅಳುವ ಜಾಗ ನಿಮ್ಮ ಬರವಣಿಗೆಯಲ್ಲೇ ಅತ್ಯುತ್ತಮ. ಅದಕ್ಕೆ ಗಿರಿಜಾ "ಹಾಗಾದರೆ ಎಲ್ಲ ಮುಗಿಯಿತು" ಅಂದದ್ದು ಮಾತ್ರ ತಪ್ಪು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ವಿಚಾರಣೆಯಲ್ಲಿ ಅವನ ವಿರುದ್ಧ ರುಜುವಾತುಪಡಿಸಲಾಗದು. ಆದರೆ ಅವನ ಮಾತಿನಿಂದಲೇ ಬೈಕ್ ಸಿಕ್ಕಿದ್ದರೆ, ಅದನ್ನು ಪತ್ತೆ ಮಾಡಿಕೊಟ್ಟಷ್ಟು ಮಾತು ಸಾಕ್ಷ್ಯವಾಗಿ ಒಳಗೆ ಬರುತ್ತದೆ. ಆದ್ದರಿಂದ ಅವಳು ಸಮಾಧಾನ ಹೇಳದೆ ದನಿ ತಗ್ಗಿಸಿ, "ಗಾಡಿ ತೋರ್ಸು ಅಂತ ನಿನ್ನ ಎಲ್ಲಿಗಾದ್ರೂ ಕರ್ಕೊಂಡ್ ಹೋಗಿದ್ರಾ?" ಎಂದು ಕೇಳಲಿ. ಅವನು ಉತ್ತರಿಸುವ ಮುನ್ನ ಕಾನ್‌ಸ್ಟೇಬಲ್ ಕಡೆ ನೋಡಲಿ. ಭಯದ ಬಗ್ಗೆ ನೀವು ಬರೆದ ಉಪಮೆಗಳೆಲ್ಲ ಆಗ ಬೇಡವಾಗುತ್ತವೆ.

ಅಕ್ಕನಿಗೂ ಕೆಲಸ ಕೊಡಿ. ಜಾಮೀನು ಸಿಕ್ಕರೂ ಜಾಮೀನುದಾರ ಸಿಗದೆ ಒಳಗೇ ಉಳಿಯುವವರಿದ್ದಾರೆ. ಪಹಣಿ, ಆಧಾರ್ ಹಿಡಿದು ಬೆಳಿಗ್ಗೆ ಹನ್ನೊಂದರೊಳಗೆ ಬರಬಲ್ಲ ಒಬ್ಬರನ್ನು ಅವಳು ರಾತ್ರಿಯೇ ಹುಡುಕಬೇಕು. ಭಟ್ಟಿಯ ಮಾಲೀಕ ಒಪ್ಪುತ್ತಾನೋ ಇಲ್ಲವೋ, ಅದನ್ನೂ ಬರೆಯಿರಿ.

ತಿದ್ದುವ ಮುಂಚೆ ಯಾವುದಾದರೂ ಕೆಲಸದ ದಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಹಿಂದಿನ ಬೆಂಚಿನ ಮೇಲೆ ಕೂತು ರಿಮಾಂಡ್ ನೋಡಿ. ಸಾಮಾನ್ಯವಾಗಿ ಯಾರು ಬೇಕಾದರೂ ಕೂರಬಹುದು. ಒಬ್ಬೊಬ್ಬನ ಪಾಳಿ ಎಷ್ಟು ಬೇಗ ಮುಗಿಯುತ್ತದೆ ಎಂಬುದನ್ನು ಗಮನಿಸಿ. ನಿಮ್ಮ ಕೊನೆಯ ದೃಶ್ಯ ಅದಕ್ಕಿಂತ ಉದ್ದವಿರಬಾರದು. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ.