ಬಿಲ್ಲಿನಲ್ಲಿ ನಾಲ್ಕು ಪೈಸೆ ಹೆಚ್ಚು ಬರುವುದೇಕೆ?

ಪ್ರಶ್ನೆ: ಮಡಿಕೇರಿಯಲ್ಲಿ ಕಾಫಿಪುಡಿ, ಮೆಣಸು, ಏಲಕ್ಕಿ ಮಾರುವ ಅಂಗಡಿ ನಮ್ಮದು. ವಿರಾಜಪೇಟೆ ಕಡೆಯ ಒಂದು ಹೋಂಸ್ಟೇಗೆ ರೇಟಿನ ಮೇಲೆ ಜಿಎಸ್‌ಟಿ ಹಾಕಿ ಬಿಲ್ ಕೊಡುತ್ತೇವೆ. ಅವರ ಅಕೌಂಟೆಂಟ್ ಎಕ್ಸೆಲ್‌ನಲ್ಲಿ ಹಾಕಿದ ಲೆಕ್ಕಕ್ಕೂ ನಮ್ಮ ಬಿಲ್ಲಿಗೂ ಪ್ರತಿ ಸಲ ಮೂರು-ನಾಲ್ಕು ಪೈಸೆ ವ್ಯತ್ಯಾಸ. ಯಾವಾಗಲೂ ನಮ್ಮದೇ ಜಾಸ್ತಿ. ಸಾಫ್ಟ್‌ವೇರ್ ಕೆಟ್ಟಿದೆಯೇ ಸರ್?

ಉತ್ತರ: ಕೆಟ್ಟಿಲ್ಲ. "ಯಾವಾಗಲೂ ನಮ್ಮದೇ ಜಾಸ್ತಿ" ಎಂದು ನೀವೇ ಬರೆದಿದ್ದೀರಲ್ಲ, ಉತ್ತರ ಅದರಲ್ಲೇ ಇದೆ. ನಿಮ್ಮ ರೇಟುಗಳು ಬಹುಶಃ 5ರಲ್ಲಿ ಮುಗಿಯುತ್ತವೆ.

ಒಂದು ಬಿಲ್ ಹಾಕಿ ನೋಡೋಣ. ಕಾಫಿಪುಡಿ 165, ಕರಿಮೆಣಸು 95, ಏಲಕ್ಕಿ 185, ಜೇನು 245 ರೂಪಾಯಿ. ಎಲ್ಲಕ್ಕೂ ಶೇ 5 ತೆರಿಗೆ, ಅಂದರೆ ಸಿಜಿಎಸ್‌ಟಿ ಎರಡೂವರೆ, ಎಸ್‌ಜಿಎಸ್‌ಟಿ ಎರಡೂವರೆ. ಕಾಫಿಪುಡಿಯ ಸಿಜಿಎಸ್‌ಟಿ 4.125 ರೂಪಾಯಿ. ಅರ್ಧ ಪೈಸೆಯನ್ನು ಬಿಲ್ಲಿನಲ್ಲಿ ತೋರಿಸುವಂತಿಲ್ಲ, ಹಾಗಾಗಿ ಸಾಫ್ಟ್‌ವೇರ್ ಅದನ್ನು 4.13 ಮಾಡುತ್ತದೆ. ಮೆಣಸಿನದು 2.375 ಇದ್ದದ್ದು 2.38 ಆಗುತ್ತದೆ, ಏಲಕ್ಕಿಯದು 4.63, ಜೇನಿನದು 6.13. ಕೂಡಿದರೆ 17.27. ನಿಮ್ಮ ಗಿರಾಕಿಯ ಕಡೆಯವರು ಮೊದಲು ಮಾಲಿನ ಬೆಲೆ ಕೂಡುತ್ತಾರೆ, 690 ರೂಪಾಯಿ. ಅದರ ಎರಡೂವರೆ ಶೇಕಡಾ ಸರಿಯಾಗಿ 17.25. ಎರಡು ಪೈಸೆ ಸಿಜಿಎಸ್‌ಟಿಯಲ್ಲಿ, ಎರಡು ಎಸ್‌ಜಿಎಸ್‌ಟಿಯಲ್ಲಿ. ಒಟ್ಟು ನಿಮ್ಮಲ್ಲಿ 724.54, ಅವರಲ್ಲಿ 724.50.

5ರಲ್ಲಿ ಮುಗಿಯುವ ಯಾವ ಬೆಲೆಗೆ ಎರಡೂವರೆ ಶೇಕಡಾ ಹಾಕಿದರೂ ಕೊನೆಗೆ ಅರ್ಧ ಪೈಸೆ ಉಳಿದೇ ಉಳಿಯುತ್ತದೆ, ಅದು ಪ್ರತಿ ಸಲ ಮೇಲಕ್ಕೇ ಹೋಗುತ್ತದೆ. ಬೇರೆ ಬೇರೆ ಭಿನ್ನರಾಶಿಗಳಿದ್ದರೆ ಕೆಲವು ಮೇಲೆ, ಕೆಲವು ಕೆಳಗೆ ಹೋಗಿ ಒಂದಕ್ಕೊಂದು ಸರಿಹೋಗುತ್ತಿದ್ದವು. ಇಲ್ಲಿ ಆ ಅವಕಾಶವೇ ಇಲ್ಲ. ಬೆಲೆ 5ರಲ್ಲಿ ಮುಗಿಯುವ ಒಂದೊಂದು ಸಾಲಿಗೂ ಬಿಲ್ಲಿನಲ್ಲಿ ಒಂದು ಪೈಸೆ. ಪರೀಕ್ಷೆಯೂ ಇದೇ: ಹಳೆಯ ಬಿಲ್ ತೆಗೆದು ಅಂಥ ಸಾಲುಗಳನ್ನು ಎಣಿಸಿ. ಎಷ್ಟು ಸಾಲೋ ಅಷ್ಟು ಪೈಸೆ ವ್ಯತ್ಯಾಸ ಇದ್ದರೆ ಕಾರಣ ಇದೇ. ಲೆಕ್ಕ ತಾಳೆಯಾಗದಿದ್ದರೆ ರಿಯಾಯಿತಿ ಎಲ್ಲಿ ಕಳೆದಿದ್ದಾರೆ ಎಂದು ಹುಡುಕಬೇಕು. ಎರಡು ಪ್ಯಾಕೆಟ್ ಕಾಫಿಪುಡಿ ಕೊಟ್ಟಾಗ ಸಾಲಿನ ಬೆಲೆ 330, ಸಿಜಿಎಸ್‌ಟಿ 8.25, ಅಲ್ಲಿ ಉಳಿಕೆಯೇ ಇಲ್ಲ. ಆಗಲೂ ನಿಮ್ಮ ಬಿಲ್ 8.26 ತೋರಿಸಿದರೆ ಸಾಫ್ಟ್‌ವೇರ್ ಒಂದು ಪ್ಯಾಕೆಟ್ಟಿಗೆ ತೆರಿಗೆ ಹಾಕಿ ಆಮೇಲೆ ಗುಣಿಸುತ್ತಿದೆ. ಅದನ್ನು ಮಾತ್ರ ಸರಿಪಡಿಸಿಕೊಳ್ಳಿ.

ಎಕ್ಸೆಲ್ ಇನ್ನೊಂದು ಗೊಂದಲ ಮಾಡುತ್ತದೆ. ಅಕೌಂಟೆಂಟ್ ಸಾಲು ಸಾಲಾಗಿಯೇ ತೆರಿಗೆ ಹಾಕಿದರೂ, ಪರದೆಯ ಮೇಲೆ 4.13 ಕಂಡರೂ, ಒಳಗೆ ಕೂತಿರುವುದು 4.125. ಕೆಳಗಿನ ಮೊತ್ತ 17.25 ಎಂದೇ ಬರುತ್ತದೆ. ಅದೇ ಕಾಲಂ ಅನ್ನು ಕಾಗದದ ಮೇಲೆ ಕೂಡಿದರೆ 17.27. ಬಿಲ್ಲಿಗೆ ಹೊಂದಬೇಕೆಂದರೆ ಪ್ರತಿ ಸಾಲಿನಲ್ಲೂ ಹೀಗೆ ಬರೆಯಲು ಹೇಳಿ:

```
=ROUND(A2*2.5%,2)
```

ಇನ್ನು ಯಾವುದು ಸರಿ? ಸಿಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ತೆರಿಗೆಯ ಮೊತ್ತವನ್ನು ಹತ್ತಿರದ ರೂಪಾಯಿಗೆ ತರುವುದನ್ನು ಹೇಳುತ್ತದೆ: 50 ಪೈಸೆ ಅಥವಾ ಮೇಲ್ಪಟ್ಟರೆ ಮುಂದಿನ ರೂಪಾಯಿ, ಕಡಿಮೆಯಾದರೆ ಬಿಟ್ಟುಬಿಡುವುದು. ಪೈಸೆಯನ್ನು ಸಾಲಿನಲ್ಲಿ ಸರಿಮಾಡಬೇಕೋ ಮೊತ್ತದಲ್ಲೋ ಎಂದು ಅದು ಹೇಳುವುದಿಲ್ಲ. ಎರಡೂ ನಡೆಯುತ್ತದೆ. ನನ್ನನ್ನು ಕೇಳಿದರೆ, ನಿಮ್ಮಂಥ ಅಂಗಡಿಗೆ ಒಂದೇ ದರದ ಮಾಲನ್ನೆಲ್ಲ ಕೂಡಿ ಒಮ್ಮೆ ತೆರಿಗೆ ಹಾಕುವುದೇ ಲೇಸು. ಸಾಫ್ಟ್‌ವೇರ್‌ನಲ್ಲಿ ಆ ಆಯ್ಕೆ ಇದ್ದರೆ ಹೊಸ ಆರ್ಥಿಕ ವರ್ಷದ ಮೊದಲ ಬಿಲ್ಲಿನಿಂದ ಬದಲಿಸಿ. ನಡುವೆ ಬದಲಿಸಿದರೆ ಹಳೆಯದನ್ನು ತಾಳೆ ನೋಡುವಾಗ ನಿಮಗೇ ತಲೆನೋವು. ಎಂಆರ್‌ಪಿಯ ಒಳಗಿಂದ ತೆರಿಗೆ ತೆಗೆದು ಕೌಂಟರ್‌ನಲ್ಲಿ ಮಾಡುವ ಬಿಲ್ಲುಗಳಲ್ಲಿ ಈ ಒಂದೇ ಕಡೆಗೆ ವಾಲುವ ತೊಂದರೆ ಇರುವುದಿಲ್ಲ, ಅಲ್ಲಿ 1.05ರಿಂದ ಭಾಗಿಸುವುದರಿಂದ ಉಳಿಕೆ ಮೇಲೂ ಹೋಗುತ್ತದೆ, ಕೆಳಗೂ ಹೋಗುತ್ತದೆ.

ಮೇಲಿನ ಬಿಲ್ಲಿನಲ್ಲಿ ಎರಡು ದಾರಿಯಲ್ಲೂ ಗಿರಾಕಿ ಕೊಡುವುದು 725 ರೂಪಾಯಿಯೇ. ನಿಮ್ಮ ಬಿಲ್ಲಿನಲ್ಲಿ ಉಳಿಯುವ 46 ಪೈಸೆಯನ್ನು ರೌಂಡ್ ಆಫ್ ಖಾತೆಗೆ ಹಾಕಿ, ತೆರಿಗೆಯ ಕಾಲಂಗೆ ಸೇರಿಸಬೇಡಿ.

ನಿಜವಾಗಿ ಎಚ್ಚರ ಬೇಕಾದದ್ದು ರಿಟರ್ನ್ ತುಂಬುವಾಗ. ತಿಂಗಳ ಮಾರಾಟದ ಮೊತ್ತಕ್ಕೆ ಎರಡೂವರೆ ಶೇಕಡಾ ಹಾಕಿ ಹೊಸದಾಗಿ ತೆರಿಗೆ ಲೆಕ್ಕ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಬಿಲ್ಲಿನಲ್ಲಿ ವಸೂಲಾದ ಪೈಸೆಗಳು ಸರ್ಕಾರಕ್ಕೆ ಹೋಗದೆ ನಿಮ್ಮ ಪುಸ್ತಕದಲ್ಲೇ ನಿಂತುಬಿಡುತ್ತವೆ. ತೆರಿಗೆ ಎಂದು ತೆಗೆದುಕೊಂಡದ್ದನ್ನು ಕಟ್ಟಲೇಬೇಕು. ಬಿಲ್ಲುಗಳಲ್ಲಿ ಛಾಪಾದ ತೆರಿಗೆಯನ್ನೇ ಕೂಡಿ ತುಂಬಿ. ಹೋಂಸ್ಟೇಯವರಿಗೂ ಅದನ್ನೇ ಹೇಳಿ: ಖರೀದಿ ಎಂಟ್ರಿ ಮಾಡುವಾಗ ತೆರಿಗೆಯನ್ನು ಮತ್ತೆ ಲೆಕ್ಕ ಹಾಕದೆ, ಬಿಲ್ಲಿನಲ್ಲಿರುವ 17.27 ಅನ್ನೇ ಎರಡು ಕಡೆ ಬರೆದರೆ ಅವರ ಜಿಎಸ್‌ಟಿಆರ್-2ಬಿಯಲ್ಲಿ ಬರುವ ಅಂಕಿಗೂ ಪುಸ್ತಕಕ್ಕೂ ಹೊಂದುತ್ತದೆ.